ಶಾಲೆ ಆವರಣ ಎಷ್ಟು ಗುಂಟೆ? ಫೋನ್ ಹಿಡಿದು ಅಳೆಯುವ ಬಗೆ

ಹಾವೇರಿ ಕಡೆಯ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ಸೇರಿತ್ತು. ಕಾಂಪೌಂಡ್ ದುರಸ್ತಿಗೆ ಅಂದಾಜು ಪಟ್ಟಿ ಬರೆಯಬೇಕಿತ್ತು. ಗೋಡೆ ಒಟ್ಟು ಎಷ್ಟು ಉದ್ದ ಅಂತ ಯಾರಿಗೂ ಗೊತ್ತಿರಲಿಲ್ಲ. ಮಾತು ಅಲ್ಲಿಂದ ಜಾಗದ ಕಡೆಗೆ ಹೊರಳಿತು. ಪಹಣಿಯಲ್ಲಿ 2 ಎಕರೆ 30 ಗುಂಟೆ ಅಂತಿದೆ. ಹಿಂದುಗಡೆ ಹೊಲದವರು ಒತ್ತಿಕೊಂಡಿದ್ದಾರೆ, ಈಗ ಅಷ್ಟು ಜಾಗ ಇಲ್ಲವೇ ಇಲ್ಲ ಅಂತ ಇಬ್ಬರು ಹೇಳಿದರು. "ಅಳೀದ ಹೆಂಗ ಹೇಳೂದ್ರೀ?" ಅಂದರು ಹೆಡ್‌ಮಾಸ್ತರು.

ಆ ಭಾನುವಾರವೇ ಫೋನ್ ಹಿಡಿದು ಅಳೆದೆವು. ಒಂದು ಪೈಸೆ ಖರ್ಚಿಲ್ಲದೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಅದು. ಆದರೆ ಫೋನ್ ಕೊಡುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಅನ್ನುವುದನ್ನು ಮೊದಲೇ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಸುಮ್ನೆ ಜಗಳಕ್ಕೆ ದಾರಿಯಾಗುತ್ತದೆ.

## ಗುಂಟೆ ಅಂದರೆ ಎಷ್ಟು

33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. ಅಂದರೆ 1,089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ.

ಫೋನೂ ಕಂಪ್ಯೂಟರೂ ಲೆಕ್ಕ ಹಾಕುವುದು ಮೀಟರ್‌ನಲ್ಲಿ. ಒಂದು ಗುಂಟೆಗೆ 101.17 ಚದರ ಮೀಟರ್. ಕೈಲೆಕ್ಕಕ್ಕೆ ನೂರು ಅಂತ ಹಿಡಿದರೂ ನಡೆಯುತ್ತದೆ. ಸುಮಾರು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಅಂತ ಕಣ್ಮುಂದೆ ತಂದುಕೊಳ್ಳಿ. ನಮ್ಮ ಶಾಲೆಯ ಪಹಣಿ ಲೆಕ್ಕ 2 ಎಕರೆ 30 ಗುಂಟೆ, ಅಂದರೆ 110 ಗುಂಟೆ. ಮೀಟರ್ ಲೆಕ್ಕದಲ್ಲಿ 11,129 ಚದರ ಮೀಟರ್.

## ತಾನೆಲ್ಲಿದ್ದೇನೆ ಅಂತ ಫೋನಿಗೆ ಹೇಗೆ ಗೊತ್ತಾಗುತ್ತದೆ

ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳು ಸದಾ ಸಂಕೇತ ಕಳಿಸುತ್ತಿರುತ್ತವೆ. ಸಂಕೇತ ಹೊರಟ ಹೊತ್ತು ಅದರಲ್ಲೇ ಇರುತ್ತದೆ. ತಲುಪಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಅಂತ ಫೋನ್ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ತನ್ನ ಜಾಗ ಗೊತ್ತಾಗುತ್ತದೆ.

ಈ ಸಂಕೇತ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತು ತಪ್ಪಿದರೂ ದೂರ 3 ಮೀಟರ್ ತಪ್ಪುತ್ತದೆ. ಅದಕ್ಕೇ ಬಯಲಿನಲ್ಲಿ ನಿಂತಾಗಲೂ ಸಾಮಾನ್ಯ ಫೋನ್ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ.

ಗೋಡೆ ಪಕ್ಕ, ಮರದ ಕೆಳಗೆ ಇನ್ನೂ ಕಷ್ಟ. ಗೋಲಗುಮ್ಮಟದೊಳಗೆ ಒಂದು ಚಪ್ಪಾಳೆ ತಟ್ಟಿದರೆ ಅದೇ ಸದ್ದು ನಾಲ್ಕೂ ಕಡೆಯಿಂದ ತಿರುಗಿ ಬರುತ್ತದೆ, ಅಲ್ವಾ? ಹಾಗೆಯೇ ಉಪಗ್ರಹದ ಸಂಕೇತವೂ ಕಟ್ಟಡಕ್ಕೆ ಬಡಿದು ಸುತ್ತಿಬಳಸಿ ಫೋನಿಗೆ ಬರುತ್ತದೆ. ಬಳಸಿ ಬಂದದ್ದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಉಪಗ್ರಹ ಇನ್ನೂ ದೂರದಲ್ಲಿದೆ ಅಂತ ಫೋನ್ ತಪ್ಪು ತಿಳಿಯುತ್ತದೆ.

ಅಳತೆಯ ಆ್ಯಪ್‌ಗಳಲ್ಲಿ `Accuracy` ಅಂತ ಒಂದು ಅಂಕಿ ಕಾಣುತ್ತದೆ. ಅದು 4 ಮೀಟರ್ ಅಂತಿದ್ದರೆ ತಪ್ಪು 4 ಮೀಟರ್ ದಾಟುವುದೇ ಇಲ್ಲ ಅಂತ ಅರ್ಥವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಅರ್ಥ ಇಷ್ಟು: ನೀವು ಆ 4 ಮೀಟರ್ ವೃತ್ತದೊಳಗೆ ಇರುವ ಸಾಧ್ಯತೆ ನೂರಕ್ಕೆ 68. ಮೂರು ಸಲದಲ್ಲಿ ಒಂದು ಸಲ ಅದರಾಚೆಯೂ ಇರಬಹುದು.

## ಮೂಲೆ ತಪ್ಪಿದರೆ ಗುಂಟೆ ಎಷ್ಟು ತಪ್ಪುತ್ತದೆ

ನಮ್ಮ ಶಾಲೆಗೆ ಐದು ಮೂಲೆ. ಗೇಟಿನ ಪಕ್ಕದ್ದಕ್ಕೆ A ಅಂತ ಹೆಸರಿಟ್ಟು, ಅಲ್ಲಿಂದ ಸುತ್ತುತ್ತಾ B, C, D, E ಅಂತ ಕರೆದೆವು.

ಮೂಲೆ C ಒಂದನ್ನೇ ತೆಗೆದುಕೊಳ್ಳಿ. ಅದರ ಎಡಬಲದ ಮೂಲೆಗಳು B ಮತ್ತು D. ಇವೆರಡರ ನಡುವೆ ನೇರವಾಗಿ 107 ಮೀಟರ್ ದೂರ. ಈಗ ಫೋನ್ C ಮೂಲೆಯನ್ನು 3 ಮೀಟರ್ ಹೊರಗೆ ತೋರಿಸಿತು ಅಂದುಕೊಳ್ಳಿ. ಆಗ ವಿಸ್ತೀರ್ಣ 107 × 3 ÷ 2, ಅಂದರೆ ಸುಮಾರು 160 ಚದರ ಮೀಟರ್ ಹೆಚ್ಚುತ್ತದೆ. ಒಂದೇ ಮೂಲೆಯಲ್ಲಿ ಒಂದೂವರೆ ಗುಂಟೆ ಹುಟ್ಟಿಕೊಂಡಿತು! ಒಳಗೆ ತೋರಿಸಿದ್ದರೆ ಅಷ್ಟೇ ಗುಂಟೆ ಕಡಿಮೆ.

ಐದೂ ಮೂಲೆ ಹೀಗೆ ತಪ್ಪುವಾಗ ಒಂದು ಹೊರಗೆ, ಇನ್ನೊಂದು ಒಳಗೆ ಹೋಗುವುದರಿಂದ ಅಷ್ಟಿಷ್ಟು ಸರಿದೂಗುತ್ತದೆ. ಲೆಕ್ಕ ಹಾಕಿದಾಗ ನಮ್ಮ ಶಾಲೆಯಷ್ಟು ಜಾಗಕ್ಕೆ ಒಂದು ಸುತ್ತಿನ ಅಳತೆಯಲ್ಲಿ 4 ಗುಂಟೆ ಆಚೀಚೆ ಆಗುವುದು ಸಹಜ ಅಂತ ಬಂತು. ಈ ಅಂಕಿಯನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ಐದೂ ಮೂಲೆಗಳು ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದರೆ ವಿಸ್ತೀರ್ಣ ಬದಲಾಗುವುದೇ ಇಲ್ಲ. ಚಾಪೆಯನ್ನು ಎಳೆದು ಪಕ್ಕಕ್ಕೆ ಹಾಕಿದರೆ ಚಾಪೆ ದೊಡ್ಡದಾಗುವುದಿಲ್ಲವಲ್ಲ, ಹಾಗೆ. ಅರ್ಧ ಗಂಟೆಯೊಳಗೆ ಫೋನ್ ಮಾಡುವ ತಪ್ಪಿನಲ್ಲಿ ಒಂದು ಪಾಲು ಇಂಥದ್ದೇ. ಅದಕ್ಕೆ ಒಂದು ಸುತ್ತನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಎರಡು ಮೂಲೆ ಇವತ್ತು, ಮೂರು ಮೂಲೆ ನಾಳೆ ಅಂತ ಮಾಡಬಾರದು.

## ಶಾಲೆ ಸುತ್ತ

ನಾವು ಬಳಸಿದ್ದು ಬೇಸಿಕ್‌ಏರ್‌ಡೇಟಾದವರ ಜಿಪಿಎಸ್ ಲಾಗರ್ ಅನ್ನುವ ಉಚಿತ ಆ್ಯಪ್. ಇದಕ್ಕೆ ಇಂಟರ್ನೆಟ್ ಬೇಡ. ಫೋನಿನ `Location` ಆನ್ ಮಾಡಿ, ಆಟದ ಮೈದಾನದ ನಡುವೆ ಐದು ನಿಮಿಷ ಸುಮ್ನೆ ನಿಂತೆವು. ಮೊದಲಿಗೆ 12 ಮೀಟರ್ ತೋರಿಸುತ್ತಿದ್ದ `Accuracy` ನಿಧಾನವಾಗಿ 4ಕ್ಕೆ ಇಳಿಯಿತು. ಆಮೇಲೆ ಹೊರಟೆವು.

ಪ್ರತಿ ಮೂಲೆಯಲ್ಲಿ ಒಂದು ನಿಮಿಷ ಅಲುಗಾಡದೆ ನಿಲ್ಲಬೇಕು. ಫೋನನ್ನು ಎದೆಮಟ್ಟಕ್ಕೆ, ಪರದೆ ಆಕಾಶ ನೋಡುವಂತೆ ಹಿಡಿಯಬೇಕು. ಅಂಕಿ ನೆಲೆನಿಂತ ಮೇಲೆ ಗುರುತು ಹಾಕುವ ಬಟನ್ ಒತ್ತಿದರೆ ಹೆಸರು ಕೇಳುತ್ತದೆ. A ಅಂತ ಬರೆದು ಮುಂದಿನ ಮೂಲೆಗೆ ಹೋಗಬೇಕು. ಹೀಗೆ E ತನಕ.

ಒಂದೇ ಮೂಲೆಯಲ್ಲಿ ನಿಂತು ಹತ್ತು ಸಲ ಬಟನ್ ಒತ್ತಿದರೆ ಅಳತೆ ಹತ್ತು ಪಟ್ಟು ಚೆನ್ನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ಒಂದು ನಿಮಿಷದಲ್ಲಿ ಆಕಾಶದಲ್ಲಿ ಉಪಗ್ರಹಗಳು ಹೆಚ್ಚು ಸರಿದಿರುವುದಿಲ್ಲ, ಹತ್ತು ಸಲವೂ ಅದೇ ತಪ್ಪು ಬರುತ್ತದೆ. ಗಂಟೆ ಬಿಟ್ಟು ಇನ್ನೊಂದು ಸುತ್ತು ಹಾಕಿದರೆ ಉಪಗ್ರಹಗಳ ಜಾಗ ಬದಲಾಗಿರುತ್ತದೆ, ತಪ್ಪೂ ಬೇರೆಯಾಗಿರುತ್ತದೆ. ಆಗ ಸರಾಸರಿಗೆ ಅರ್ಥವಿದೆ. ನಾವು ಬೆಳಗ್ಗೆ ಏಳೂವರೆಗೆ, ಒಂಬತ್ತಕ್ಕೆ, ಹನ್ನೊಂದಕ್ಕೆ ಅಂತ ಮೂರು ಸುತ್ತು ಹಾಕಿದೆವು. ಮೂರೂ ಸಲ ಮೂಲೆಗಳಿಗೆ ಅದೇ ಹೆಸರು ಕೊಡಬೇಕು. ಒಮ್ಮೆ A, ಇನ್ನೊಮ್ಮೆ ಗೇಟ್ ಅಂತ ಬರೆದರೆ ಮುಂದೆ ತೊಡಕಾಗುತ್ತದೆ.

ನಮ್ಮ ಶಾಲೆಯ D ಮೂಲೆಯಲ್ಲಿ ದೊಡ್ಡ ಹೊಂಗೆಮರ ಇದೆ. ಅದರ ಕೆಳಗೆ `Accuracy` 11 ಮೀಟರ್‌ಗೆ ಏರಿತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಸರ್, ಮರದಿಂದ ಈಚೆ ಬಂದು ನೋಡ್ರಿ" ಅಂದಳು. ಅವಳ ಮಾತು ಸರಿಯಿತ್ತು. ಇಂಥ ಮೂಲೆಗೆ ಸುಲಭದ ದಾರಿಯೇ ಅದು. ಗೋಡೆಯಗುಂಟ ಮರದ ನೆರಳು ದಾಟಿ ಬಯಲಿಗೆ ಬಂದು ಅಲ್ಲಿ ಗುರುತು ಹಾಕಬೇಕು. ಅಲ್ಲಿಂದ ಮೂಲೆಗೆ ಎಷ್ಟು ಮೀಟರ್ ಅಂತ ಟೇಪಿನಲ್ಲಿ ಅಳೆದು ಬರೆದುಕೊಳ್ಳಬೇಕು. ನಮ್ಮದು 9 ಮೀಟರ್ ಬಂತು. ಕಂಪ್ಯೂಟರ್‌ನಲ್ಲಿ ಗೋಡೆಯ ಗೆರೆಯನ್ನು ಅದೇ ದಿಕ್ಕಿನಲ್ಲಿ 9 ಮೀಟರ್ ಮುಂದಕ್ಕೆ ಎಳೆದರೆ D ಮೂಲೆ ಸಿಗುತ್ತದೆ.

ಇದಕ್ಕೂ ಮೊದಲು ಒಮ್ಮೆ ಅವಸರದಲ್ಲಿ ಅಳೆದು ನಾನು ಕೆಡಿಸಿದ್ದೆ. ಮೂಲೆಯಲ್ಲಿ ನಿಲ್ಲದೆ, ಆ್ಯಪ್ ಓಡಿಸುತ್ತಾ ಕಾಂಪೌಂಡಿನ ಹೊರಗಡೆ ಒಂದು ಸುತ್ತು ನಡೆದುಬಂದಿದ್ದೆ. ಗೋಡೆ ಪಕ್ಕ ಚರಂಡಿ ಇತ್ತು, ಹಾಗಾಗಿ ಗೋಡೆಯಿಂದ ಸುಮಾರು 2 ಮೀಟರ್ ದೂರದಲ್ಲಿ ನಡೆದಿದ್ದೆ. ಬಂದ ಉತ್ತರ 2 ಎಕರೆ 35 ಗುಂಟೆ. ಸರ್ಕಾರದ ಲೆಕ್ಕಕ್ಕಿಂತ ಜಾಸ್ತಿ! ಶಾಲೆಯ ಸುತ್ತಳತೆ 414 ಮೀಟರ್. ಅದರುದ್ದಕ್ಕೂ 2 ಮೀಟರ್ ಅಗಲದ ಪಟ್ಟಿ ಸೇರಿದರೆ 828 ಚದರ ಮೀಟರ್, ಅಂದರೆ 8 ಗುಂಟೆ. ಚರಂಡಿಯೂ ರಸ್ತೆಯ ಅಂಚೂ ಶಾಲೆಯ ಲೆಕ್ಕಕ್ಕೆ ಸೇರಿಬಿಟ್ಟಿದ್ದವು. ಗೋಡೆಯ ಒಳಗೆ ನಡೆಯುತ್ತೀರೋ ಹೊರಗೋ ಅಂತ ಮೊದಲೇ ಗಟ್ಟಿಮಾಡಿಕೊಳ್ಳಿ. ಗೋಡೆಗೆ ಬೆನ್ನು ತಾಗುವಷ್ಟು ಹತ್ತಿರ, ಒಳಗಡೆ ನಿಲ್ಲುವುದು ಒಳ್ಳೆಯದು.

## ಕಂಪ್ಯೂಟರ್‌ನಲ್ಲಿ ನಕ್ಷೆ

ಆ್ಯಪ್‌ನಿಂದ ಮೂರೂ ಸುತ್ತಿನ ಗುರುತುಗಳನ್ನು `GPX` ಫೈಲ್ ಆಗಿ ಹೊರತೆಗೆದು ಕಂಪ್ಯೂಟರಿಗೆ ಹಾಕಿಕೊಳ್ಳಿ. ಮೂಲೆಗಳ ಹೆಸರು ಮತ್ತು ಅವುಗಳ ಅಕ್ಷಾಂಶ ರೇಖಾಂಶಗಳ ಪಟ್ಟಿ ಅದು, ಅಷ್ಟೇ. ಮುಂದಿನ ಕೆಲಸಕ್ಕೆ ಕ್ಯೂಜಿಐಎಸ್ ಅನ್ನುವ ನಕ್ಷೆಯ ತಂತ್ರಾಂಶ ಬೇಕು. `qgis.org`ನಲ್ಲಿ ಉಚಿತವಾಗಿ ಸಿಗುತ್ತದೆ. ಎರಡು ಆವೃತ್ತಿ ಕಂಡರೆ `Long Term` ಅಂತ ಇರುವುದನ್ನು ಇಳಿಸಿಕೊಳ್ಳಿ.

ಫೈಲನ್ನು ಎಳೆದು ಕ್ಯೂಜಿಐಎಸ್ ಕಿಟಕಿಯೊಳಗೆ ಬಿಟ್ಟರೆ ಏನೇನು ಬೇಕು ಅಂತ ಕೇಳುತ್ತದೆ. `waypoints` ಆರಿಸಿ. ಪರದೆಯಲ್ಲಿ ಚುಕ್ಕೆಗಳು ಮೂಡುತ್ತವೆ. ನಮ್ಮ ಪರದೆಯಲ್ಲಿ ಪ್ರತಿ ಮೂಲೆಯ ಹತ್ತಿರ ಮೂರು ಮೂರು ಚುಕ್ಕೆ ಚದುರಿದ್ದವು. ಫೋನಿನ ತಪ್ಪು ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಲು ಅದಕ್ಕಿಂತ ಚೆನ್ನಾದ ಚಿತ್ರ ಬೇಡ.

ಇನ್ನು ಮುಂದಿನದೇ ಮುಖ್ಯ ಹೆಜ್ಜೆ. ಅಕ್ಷಾಂಶ ರೇಖಾಂಶಗಳು ಡಿಗ್ರಿಯಲ್ಲಿರುತ್ತವೆ. ಡಿಗ್ರಿ ಅನ್ನುವುದು ಕೋನದ ಅಳತೆ, ಉದ್ದದ ಅಳತೆ ಅಲ್ಲ. ಅದೇ ಡಿಗ್ರಿಯಲ್ಲಿ ವಿಸ್ತೀರ್ಣ ಕೇಳಿದರೆ ನಮ್ಮ ಶಾಲೆಗೆ 0.00000091 ಅಂತ ಉತ್ತರ ಬರುತ್ತದೆ. ಇಂಥ ಅಂಕಿ ಕಂಡರೆ ಡಿಗ್ರಿಯಲ್ಲೇ ಉಳಿದಿದ್ದೀರಿ ಅಂತ ತಿಳಿಯಿರಿ. ದುಂಡಗಿನ ಭೂಮಿಯ ನಮ್ಮ ತುಣುಕನ್ನು ಮಟ್ಟಸವಾಗಿ ಹಾಸಿ, ಮೀಟರ್ ಚೌಕದ ಹಾಳೆಯ ಮೇಲೆ ಇಡಬೇಕು.

ಅದಕ್ಕೆ ಲೋಕವನ್ನೆಲ್ಲ ಕಿತ್ತಳೆ ತೊಳೆಯ ಹಾಗೆ 6 ಡಿಗ್ರಿ ಅಗಲದ 60 ವಲಯಗಳಾಗಿ ಹಂಚಿದ್ದಾರೆ. ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ, ಅದರ ಸಂಖ್ಯೆ `EPSG:32643`. ರೇಖಾಂಶ 78 ಡಿಗ್ರಿ ದಾಟಿದ ಕೋಲಾರ, ಮುಳಬಾಗಿಲು ಕಡೆಯವರು 44ನೇ ವಲಯದ `EPSG:32644` ಆರಿಸಿಕೊಳ್ಳಬೇಕು. ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ `EPSG:4326` ಅಂತ ಕಾಣುತ್ತದೆ. ಅದನ್ನು ಒತ್ತಿ, ಹುಡುಕುವ ಜಾಗದಲ್ಲಿ `32643` ಅಂತ ಬರೆದು ಆರಿಸಿ.

ಇಲ್ಲಿ ಒಂದು ಎಚ್ಚರಿಕೆ. ಚುಕ್ಕೆಗಳಿಗಿಂತ ಮೊದಲೇ ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಹಾಕಿದ್ದರೆ ಅಲ್ಲಿ `EPSG:3857` ಅಂತ ತಾನಾಗಿಯೇ ಕೂತಿರುತ್ತದೆ. ಅದೂ ಮೀಟರ್ ಅಂತಲೇ ಹೇಳುತ್ತದೆ, ಆದರೆ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಜಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಹಾವೇರಿಯಲ್ಲಿ ನೂರಕ್ಕೆ ಏಳೂವರೆಯಷ್ಟು ಜಾಸ್ತಿ. ಉತ್ತರ ನೋಡಿದರೆ ಸರಿಯಾಗಿಯೇ ಇದೆ ಅನಿಸುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಈಗ ಮೂರು ಸುತ್ತಿನ ಸರಾಸರಿ. `Vector` ಮೆನುವಿನ `Analysis Tools` ಒಳಗೆ `Mean Coordinate(s)` ಇದೆ. ಅದರ `Unique ID field` ಜಾಗದಲ್ಲಿ `name` ಆರಿಸಿ. ಮೂರು A ಸೇರಿ ಒಂದು A, ಮೂರು B ಸೇರಿ ಒಂದು B ಆಗಿ ಐದೇ ಚುಕ್ಕೆ ಉಳಿಯುತ್ತವೆ. ಹೆಸರು ಒಂದೇ ಇರಬೇಕು ಅಂದಿದ್ದು ಇದಕ್ಕೇ.

ಆಮೇಲೆ `Layer`, `Create Layer`, `New Temporary Scratch Layer` ಅಂತ ಹೋಗಿ, `Polygon` ಆರಿಸಿ, ವಲಯ `EPSG:32643` ಅಂತಲೇ ಇದೆಯೇ ನೋಡಿಕೊಳ್ಳಿ. `Snapping Toolbar`ನ ಅಯಸ್ಕಾಂತದ ಚಿತ್ರ ಒತ್ತಿ, ಪಕ್ಕದಲ್ಲಿ `All Layers` ಆರಿಸಿದರೆ ಮೌಸ್ ತಾನಾಗಿ ಚುಕ್ಕೆಗೆ ಅಂಟಿಕೊಳ್ಳುತ್ತದೆ. A, B, C, D, E ಅಂತ ಸುತ್ತುವ ಕ್ರಮದಲ್ಲೇ ಒತ್ತಿ, ಕೊನೆಗೆ ಬಲ ಬಟನ್ ಒತ್ತಿ. ಕ್ರಮ ತಪ್ಪಿದರೆ ಗೆರೆ ಗೆರೆಯನ್ನು ಕತ್ತರಿಸಿ ಆಕಾರ ಡಮರುಗದಂತಾಗುತ್ತದೆ, ವಿಸ್ತೀರ್ಣವೂ ಕೆಡುತ್ತದೆ. ಆಕಾರ ಸರಿ ಬಂದ ಮೇಲೆ ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು, ದಶಾಂಶ ಸಂಖ್ಯೆಯ ಹೊಸ ಅಂಕಣಕ್ಕೆ ಇದನ್ನು ಬರೆದರೆ ನೇರವಾಗಿ ಗುಂಟೆ ಸಿಗುತ್ತದೆ:

```
area($geometry) / 101.1714
```

ಹೆಸರೇ ಹೇಳುವಂತೆ ಇದು ತಾತ್ಕಾಲಿಕ ಪದರ. ಕ್ಯೂಜಿಐಎಸ್ ಮುಚ್ಚಿದರೆ ಅಳಿಸಿಹೋಗುತ್ತದೆ. ಪದರದ ಹೆಸರಿನ ಮೇಲೆ ಬಲ ಬಟನ್ ಒತ್ತಿ `Make Permanent` ಮಾಡಿಯೇ ಏಳಿ. ಸರಾಸರಿಯ ಐದು ಚುಕ್ಕೆಗಳ ಪದರಕ್ಕೂ ಹಾಗೇ ಮಾಡಿ.

## ಕಂಪ್ಯೂಟರ್ ಒಳಗೆ ನಡೆದದ್ದು

ಗೇಟಿನ ಮೂಲೆ A ಸೊನ್ನೆ ಅಂತ ಇಟ್ಟುಕೊಂಡು, ಉಳಿದ ಮೂಲೆಗಳು ಅಲ್ಲಿಂದ ಪೂರ್ವಕ್ಕೆ ಎಷ್ಟು ಮೀಟರ್, ಉತ್ತರಕ್ಕೆ ಎಷ್ಟು ಮೀಟರ್ ಅಂತ ಬರೆದರೆ ನಮ್ಮ ಶಾಲೆ ಹೀಗಿದೆ:

```
A    0    0
B  118    4
C  121   92
D   64   97
E    2   88
```

A ಮೂಲೆಯಿಂದ C ಮತ್ತು D ಮೂಲೆಗಳಿಗೆ ದಾರ ಎಳೆದರೆ ಜಾಗ ಮೂರು ತ್ರಿಕೋನಗಳಾಗುತ್ತದೆ. ಒಂದು ಮೂಲೆ ಸೊನ್ನೆಯಲ್ಲಿರುವ ತ್ರಿಕೋನದ ವಿಸ್ತೀರ್ಣ ಸುಲಭ. ಉಳಿದೆರಡು ಮೂಲೆಗಳ ಅಂಕಿಗಳನ್ನು ಅಡ್ಡಡ್ಡ ಗುಣಿಸಿ, ಕಳೆದು, ಅರ್ಧ ಮಾಡಿದರಾಯಿತು. ABC ತ್ರಿಕೋನಕ್ಕೆ 118 × 92 ಅಂದರೆ 10,856. ಅದರಲ್ಲಿ 121 × 4, ಅಂದರೆ 484 ಕಳೆದರೆ 10,372. ಅರ್ಧ ಮಾಡಿದರೆ 5,186 ಚದರ ಮೀಟರ್. ಹೀಗೆಯೇ ACD 2,924.5 ಮತ್ತು ADE 2,719. ಮೂರೂ ಸೇರಿ 10,829.5 ಚದರ ಮೀಟರ್, ಅಂದರೆ 107 ಗುಂಟೆ. 2 ಎಕರೆ 27 ಗುಂಟೆ. ಏಳನೇ ಕ್ಲಾಸಿನ ಮಕ್ಕಳು ಇದನ್ನು ಬೋರ್ಡಿನ ಮೇಲೆ ಮಾಡಿ, ಕಂಪ್ಯೂಟರ್ ಉತ್ತರಕ್ಕೆ ತಾಳೆ ನೋಡಿದರು.

## ಟೇಪ್ ಏನು ಹೇಳಿತು

ಫೋನಿನ ಉತ್ತರವನ್ನು ಫೋನಿನಿಂದಲೇ ಪರೀಕ್ಷಿಸಲು ಆಗುವುದಿಲ್ಲ. ಅದಕ್ಕೆ ಎರಡು ಗೋಡೆಗಳನ್ನು ಟೇಪ್ ಹಿಡಿದು ಅಳೆದೆವು. ಮುಂದಿನ ಗೋಡೆ AB ನಕ್ಷೆಯಲ್ಲಿ 118.1 ಮೀಟರ್, ಟೇಪಿನಲ್ಲಿ 117.2. ಪಕ್ಕದ BC ನಕ್ಷೆಯಲ್ಲಿ 88, ಟೇಪಿನಲ್ಲಿ 89. ಒಂದು ಹೆಚ್ಚು, ಒಂದು ಕಡಿಮೆ, ಎರಡೂ ಒಂದು ಮೀಟರ್ ಒಳಗೆ. ಇದು ಒಳ್ಳೆಯ ಲಕ್ಷಣ. ಎರಡೂ ಒಂದೇ ಕಡೆಗೆ ನಾಲ್ಕೈದು ಮೀಟರ್ ತಪ್ಪಿದ್ದರೆ ವಲಯ ತಪ್ಪಾಗಿದೆ, ಇಲ್ಲವೇ ಗೋಡೆಯಿಂದ ದೂರ ನಿಂತಿದ್ದೇವೆ ಅಂತ ಅನುಮಾನ ಪಡಬೇಕಿತ್ತು.

ಮೂರು ಸುತ್ತುಗಳನ್ನು ಬೇರೆ ಬೇರೆಯಾಗಿಯೂ ನೋಡಿದೆವು. ಮೊದಲನೆಯದು 108.6 ಗುಂಟೆ, ಎರಡನೆಯದು 104.9, ಮೂರನೆಯದು 107.6. ಜಾಗ ಅದೇ, ಫೋನ್ ಅದೇ, ನಡೆದವರೂ ಅವರೇ. ಆದರೂ ಒಂದು ಸುತ್ತಿಗೂ ಇನ್ನೊಂದಕ್ಕೂ ಮೂರೂವರೆ ಗುಂಟೆಗಿಂತ ಜಾಸ್ತಿ ವ್ಯತ್ಯಾಸ ಬಂತು. ಮೂರು ಸುತ್ತಿನ ಸರಾಸರಿಯಿಂದ ತಪ್ಪು ಸ್ವಲ್ಪ ಇಳಿಯುತ್ತದೆ ನಿಜ. ಹಾಗಿದ್ದರೂ 107 ಗುಂಟೆ, ಮೂರು ಗುಂಟೆ ಆಚೀಚೆ ಅಂತಲೇ ಬರೆಯಬೇಕು.

ಪಹಣಿ 110 ಅನ್ನುತ್ತದೆ. ನಮ್ಮ ಅಳತೆ 104ರಿಂದ 110ರ ನಡುವೆ ಎಲ್ಲಾದರೂ ಇರಬಹುದು. ಅಂದಮೇಲೆ ಮೂರು ಗುಂಟೆ ಒತ್ತುವರಿಯಾಗಿದೆ ಅಂತ ಈ ಅಳತೆಯಿಂದ ಹೇಳಲು ಬರುವುದಿಲ್ಲ. ಆಗಿಲ್ಲ ಅಂತಲೂ ಹೇಳಲು ಬರುವುದಿಲ್ಲ. ಸಭೆಯಲ್ಲಿ ಇಬ್ಬರು ಹೇಳಿದ ಮಾತಿಗೆ ಫೋನ್ ಕೊಟ್ಟ ಉತ್ತರ ಅಷ್ಟೇ. 15 ಗುಂಟೆ ವ್ಯತ್ಯಾಸ ಬಂದಿದ್ದರೆ ಮಾತು ಬೇರೆಯಿತ್ತು, ಅಷ್ಟು ದೊಡ್ಡ ತಪ್ಪನ್ನು ಫೋನಿನ ಮೇಲೆ ಹಾಕಲು ಆಗುತ್ತಿರಲಿಲ್ಲ. ಆಗಲೂ ಪಹಣಿಯಲ್ಲಿ ಖರಾಬು ಎಷ್ಟು ಕಳೆದಿದ್ದಾರೆ ಅಂತ ಮೊದಲು ನೋಡಬೇಕು. ನಾವು ಅಳೆದದ್ದು ಗೋಡೆಯನ್ನು, ದಾಖಲೆಯ ಗಡಿಯನ್ನಲ್ಲ. ಎರಡೂ ಒಂದೇ ಕಡೆ ಇರಬೇಕು ಅಂತೇನಿಲ್ಲ.

ಗಡಿ ಎಲ್ಲಿದೆ ಅಂತ ತೀರ್ಮಾನಿಸುವ ಅಧಿಕಾರ ಇರುವುದು ಸರ್ವೆ ಇಲಾಖೆಯ ಭೂಮಾಪಕರಿಗೆ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅವರು ಬಂದು ಹಳೆಯ ದಾಖಲೆಯ ಪ್ರಕಾರ ಅಳೆದು ಗುರುತು ಮಾಡಿಕೊಡುತ್ತಾರೆ. ನಮ್ಮ ಹೆಡ್‌ಮಾಸ್ತರು ಅರ್ಜಿಯ ಜೊತೆಗೆ ನಕ್ಷೆಯ ಒಂದು ಪ್ರತಿಯನ್ನೂ ಇಟ್ಟಿದ್ದಾರೆ. ಕಾಂಪೌಂಡ್ ಅಂದಾಜು ಪಟ್ಟಿಗೆ ಅಲ್ಲಿಯವರೆಗೆ ಕಾಯಬೇಕಾಗಲಿಲ್ಲ. ಅದಕ್ಕೆ ಬೇಕಿದ್ದದ್ದು ಗೋಡೆಯ ಉದ್ದ. ಬಿದ್ದುಹೋಗಿರುವುದು C ಮತ್ತು D ನಡುವಿನ 57 ಮೀಟರ್. ಅದನ್ನು ಇನ್ನೊಮ್ಮೆ ಟೇಪ್ ಹಿಡಿದು ನೋಡಿ ಪಟ್ಟಿಯಲ್ಲಿ ಬರೆದೆವು.